ಕಣ್ಣಿನ ಶಿಬಿರದ ಪೋಸ್ಟರ್: ಫ್ರೀಲಾನ್ಸ್ ಡಿಸೈನರ್‌ಗೆ ಬ್ರೀಫ್ ಹೇಗೆ ಬರೆಯಬೇಕು?

ಹೋಬಳಿ_ಮಿತ್ರ

ನವೆಂಬರ್ 22ರ ಭಾನುವಾರ ನಮ್ಮ ಹೋಬಳಿಯ ಪ್ರೌಢಶಾಲೆಯಲ್ಲಿ ಉಚಿತ ಕಣ್ಣಿನ ತಪಾಸಣೆ ಶಿಬಿರ ಇಟ್ಟುಕೊಂಡಿದ್ದೇವೆ. ಪೊರೆ ಬಂದಿದೆ ಎಂದು ಗೊತ್ತಾದವರನ್ನು ಅವತ್ತೇ ಸಂಜೆ ಆಸ್ಪತ್ರೆಯ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿ ವಾಪಸ್ ತಂದು ಬಿಡುತ್ತಾರೆ. ಪೋಸ್ಟರ್ ಮಾಡಿಕೊಡಲು ಬೆಂಗಳೂರಿನ ಫ್ರೀಲಾನ್ಸ್ ಡಿಸೈನರ್ ಒಬ್ಬರು ಒಪ್ಪಿದ್ದಾರೆ. "ಮೊದಲು ಬ್ರೀಫ್ ಬರೆದು ಕಳಿಸಿ" ಅಂದಿದ್ದಾರೆ. ನಮ್ಮ ಸಂಘದವರು ಕೂತು ಬರೆದದ್ದು ಇಷ್ಟು:

"ಉಚಿತ ನೇತ್ರ ತಪಾಸಣಾ ಶಿಬಿರಕ್ಕೆ ಆಕರ್ಷಕ ಪೋಸ್ಟರ್ ಬೇಕು. ದೊಡ್ಡ ಸೈಜ್. ಕಲರ್‌ಫುಲ್ ಆಗಿರಲಿ. ಗಣ್ಯರ ಫೋಟೊ 6, ಹೆಸರು 14. ಮ್ಯಾಟರ್ ವಾಟ್ಸ್‌ಆ್ಯಪ್ ಮಾಡುತ್ತೇವೆ. ಆದಷ್ಟು ಬೇಗ ಕೊಡಿ."

ಇಷ್ಟು ಸಾಕೇ? ಇನ್ನೇನು ಸೇರಿಸಬೇಕು?

ಅಕ್ಷರಜೋಡಣೆ

ಇದನ್ನು ಓದಿದ ಡಿಸೈನರ್ ಏನು ಮಾಡಬಹುದು ಯೋಚಿಸಿ. "ಆಕರ್ಷಕ" ಎಂದರೆ ಅವರಿಗೆ ತೋಚಿದ್ದು. "ದೊಡ್ಡ ಸೈಜ್" ಎಂದರೆ ಎ3ಯೂ ಹೌದು, ಬಸ್ ನಿಲ್ದಾಣದ ಹೋರ್ಡಿಂಗೂ ಹೌದು. "ಆದಷ್ಟು ಬೇಗ" ಎಂದರೆ ಬೇರೆ ಕೆಲಸಗಳೆಲ್ಲ ಮುಗಿದ ಮೇಲೆ. ಮೊದಲ ಕರಡು ಬಂದ ಮೇಲೆ ನೀವು "ಇದಲ್ಲ ನಮಗೆ ಬೇಕಿದ್ದದ್ದು" ಅನ್ನುತ್ತೀರಿ. ಏನು ಬೇಕಿತ್ತು ಎಂದು ಆಗಲೂ ಹೇಳಲು ಬರುವುದಿಲ್ಲ, ಏಕೆಂದರೆ ಅದನ್ನು ನೀವೇ ಇನ್ನೂ ತೀರ್ಮಾನ ಮಾಡಿಲ್ಲ.

ಮೊದಲು ಒಂದೇ ಪ್ರಶ್ನೆಗೆ ಉತ್ತರ ಹೇಳಿ. ಈ ಪೋಸ್ಟರನ್ನು ಓದುವವರು ಯಾರು, ಎಲ್ಲಿ ನಿಂತು ಓದುತ್ತಾರೆ, ಓದಿದ ಮೇಲೆ ಏನು ಮಾಡಬೇಕು? ಸೈಜ್, ಬಣ್ಣ, ಮಾತು ಎಲ್ಲವೂ ಆ ಉತ್ತರದಿಂದಲೇ ಹೊರಡುತ್ತವೆ.

ಹೋಬಳಿ_ಮಿತ್ರ

ಓದುವವರು ವಯಸ್ಸಾದವರು, ಸುಮಾರು 55 ದಾಟಿದವರು. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಹೋಟೆಲ್, ಬಸ್ ನಿಲ್ಲುವ ಜಾಗ, ಇಲ್ಲೆಲ್ಲ ಹಾಕುತ್ತೇವೆ. ಅವರು ಶಿಬಿರಕ್ಕೆ ಬರಬೇಕು, ಅಷ್ಟೇ.

ಗ್ರಾಫಿಕ್ಸ್_ರವಿ

ಸುಲಭ ಸರ್. ವಯಸ್ಸಾದವರು ಅಂದಮೇಲೆ ಎಲ್ಲ ಅಕ್ಷರವನ್ನೂ ದೊಡ್ಡದಾಗಿ ಹಾಕಿಸಿ. ಯಾವ ಬಣ್ಣ, ಯಾವ ಫಾಂಟ್ ಅಂತಲೂ ನೀವೇ ಬ್ರೀಫಿನಲ್ಲಿ ಬರೆದುಬಿಡಿ, ಆಮೇಲೆ ತಕರಾರು ಇರಲ್ಲ. ಮ್ಯಾಟರನ್ನು ನುಡಿಯಲ್ಲೇ ಟೈಪ್ ಮಾಡಿಸಿ ಕೊಡಿ. ಯುನಿಕೋಡ್ ಕೊಟ್ಟರೆ ಒತ್ತಕ್ಷರ ಒಡೆದುಹೋಗುತ್ತೆ.

ನೇತ್ರ_ಸಹಾಯಕ

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಅಕ್ಷರದ ಗಾತ್ರದ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ.

ಶಿಬಿರಕ್ಕೆ ಬರಬೇಕಾದ ಎಷ್ಟೋ ಜನರ ದೃಷ್ಟಿ 6/60 ಅಥವಾ ಅದಕ್ಕಿಂತ ಕಡಿಮೆ. ಸರಿಯಾದ ಕಣ್ಣು 60 ಮೀಟರ್‌ನಿಂದ ಓದುವ ಅಕ್ಷರವನ್ನು ಅವರು 6 ಮೀಟರ್ ಹತ್ತಿರ ಬಂದರೆ ಮಾತ್ರ ಗುರುತಿಸುತ್ತಾರೆ. ಆ ಅಕ್ಷರದ ಎತ್ತರ ಸುಮಾರು 87 ಮಿ.ಮೀ. ಅದೇ ವ್ಯಕ್ತಿ 2 ಮೀಟರ್ ದೂರದಲ್ಲಿ ನಿಂತರೆ 29 ಮಿ.ಮೀ. ಅಕ್ಷರ ಬೇಕು, 1 ಮೀಟರ್‌ಗೆ ಬಂದರೆ ಸುಮಾರು 15 ಮಿ.ಮೀ. ಇದು ಅಕ್ಷರವನ್ನು ಗುರುತಿಸಲು ಬೇಕಾದ ಕನಿಷ್ಠ ಗಾತ್ರ. ಸಲೀಸಾಗಿ ಓದಲು ಇದಕ್ಕಿಂತ ದೊಡ್ಡದು ಬೇಕು. ಲೆಕ್ಕ ಇಂಗ್ಲಿಷ್ ಚಾರ್ಟಿನದು. ಕನ್ನಡದ ಅಕ್ಷರದಲ್ಲಿ ಸುರುಳಿ, ಒತ್ತು ಹೆಚ್ಚಾದ್ದರಿಂದ ಇನ್ನಷ್ಟು ಜಾಸ್ತಿ ಇಟ್ಟುಕೊಳ್ಳುವುದು ಕ್ಷೇಮ.

ಈ ಲೆಕ್ಕದಲ್ಲಿ ಎಲ್ಲವನ್ನೂ ದೊಡ್ಡದು ಮಾಡಲು ಹೋದರೆ ಪೋಸ್ಟರ್ ಗೋಡೆಯಷ್ಟು ಆಗಬೇಕಾಗುತ್ತದೆ. ಒಂದು ಸಾಲನ್ನು ಮಾತ್ರ ಅಷ್ಟು ದೊಡ್ಡದು ಮಾಡಬಹುದು.

ಬಣ್ಣದ ಬಗ್ಗೆಯೂ ಹೇಳಬೇಕು. ಪೊರೆ ಬಂದಾಗ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತದೆ. ನೀಲಿ ಮಂಕಾಗುತ್ತದೆ, ತಿಳಿ ಬಣ್ಣಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಕಣ್ಣಿನ ಶಿಬಿರ ಎಂದರೆ ಎಲ್ಲರೂ ತಿಳಿನೀಲಿ ಹಿನ್ನೆಲೆಯ ಮೇಲೆ ಕಡುನೀಲಿ ಅಕ್ಷರ ಹಾಕಿಸುತ್ತಾರೆ. ಯಾರಿಗೆ ಕಾಣಬೇಕೋ ಅವರಿಗೆ ಅದು ಕಾಣದ ಜೋಡಿ. ಹಳದಿ ಅಥವಾ ಬಿಳಿಯ ಮೇಲೆ ಕಪ್ಪು ಇದ್ದರೆ ಒಳ್ಳೆಯದು.

ಅಕ್ಷರಜೋಡಣೆ

ಈ ಮಾಹಿತಿ ಬ್ರೀಫಿನಲ್ಲಿ ಇರಲೇಬೇಕು. ಆದರೆ "ಕಪ್ಪು ಅಕ್ಷರ ಹಾಕಿ" ಎಂದು ಬರೆಯುವ ಬದಲು, "ಓದುವವರಿಗೆ ಪೊರೆ ಇರುತ್ತದೆ, ನೀಲಿ ಮಂಕಾಗಿ ಕಾಣುತ್ತದೆ, ಅಕ್ಷರಕ್ಕೂ ಹಿನ್ನೆಲೆಗೂ ಕಡು ವ್ಯತ್ಯಾಸ ಬೇಕು" ಎಂದು ಬರೆಯಿರಿ. ಕಾರಣ ಗೊತ್ತಾದರೆ ಡಿಸೈನರ್ ನಿಮಗಿಂತ ಒಳ್ಳೆಯ ದಾರಿ ಹುಡುಕುತ್ತಾರೆ. ರವಿ ಅವರು ಹೇಳಿದಂತೆ ಬಣ್ಣ, ಫಾಂಟ್ ಎಲ್ಲ ನೀವೇ ಬರೆದುಕೊಟ್ಟರೆ ಅವರನ್ನು ಟೈಪಿಂಗ್‌ಗೆ ಮಾತ್ರ ಬಳಸಿಕೊಂಡ ಹಾಗಾಗುತ್ತದೆ. ಹಣ ಕೊಡುವುದು ಅವರ ತೀರ್ಮಾನಕ್ಕೆ.

ಇನ್ನು ಓದುಗರ ವಿಷಯ. ಪೋಸ್ಟರ್ ಪೂರ್ತಿ ಓದುವುದು ಆ ಅಜ್ಜಿಯಲ್ಲ. ಡೇರಿಗೆ ಹಾಲು ಹಾಕಲು ಬಂದ ಮಗ, ಪಡಿತರ ತರಲು ಬಂದ ಸೊಸೆ, ಆಶಾ ಕಾರ್ಯಕರ್ತೆ, ಡೇರಿ ಕಾರ್ಯದರ್ಶಿ, ಇವರು ಓದುತ್ತಾರೆ. ಮನೆಗೆ ಹೋಗಿ ಹೇಳುತ್ತಾರೆ. ಕರೆದುಕೊಂಡು ಬರುವವರೂ ಅವರೇ. ಹಾಗಾಗಿ ಬ್ರೀಫಿನಲ್ಲಿ ಇಬ್ಬರು ಓದುಗರನ್ನು ಬೇರೆ ಬೇರೆ ಹೆಸರಿಸಿ. ಒಬ್ಬರು ಕಣ್ಣು ಮಂಜಾದ ಹಿರಿಯರು. ಅವರಿಗೆ ಒಂದು ಸಾಲು, ಒಂದು ಚಿತ್ರ, 2-3 ಮೀಟರ್ ದೂರದಿಂದ. ಇನ್ನೊಬ್ಬರು ಕರೆತರುವವರು. ಅವರಿಗೆ ದಿನ, ಜಾಗ, ಏನು ತರಬೇಕು ಎಂಬ ವಿವರ, ಒಂದು ಮಾರು ದೂರದಿಂದ. ಕರಡು ಬಂದಾಗ ಪರೀಕ್ಷೆ ಮಾಡುವುದಕ್ಕೂ ಇದೇ ಅಳತೆ: ನಿಜವಾದ ಸೈಜಿನಲ್ಲಿ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಆ ದೂರದಲ್ಲಿ ನಿಂತು ನೋಡುವುದು. ಮೊಬೈಲಿನಲ್ಲಿ ನೋಡಿ ಒಪ್ಪಿಗೆ ಕೊಡಬೇಡಿ. ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿ ಓದಬಹುದು, ಗೋಡೆಯ ಮೇಲೆ ಹಿಗ್ಗಿಸಲಾಗದು.

ಗಂಗಾವತಿ_ಶಾರದಾ

ಇದನ್ನು ನಾನು ಪೂರ್ತಿ ಒಪ್ಪೂದಿಲ್ಲರೀ. ಒಬ್ರೇ ಇರೋ ಮನಿ ಎಷ್ಟು ಅದಾವ ಹಳ್ಳ್ಯಾಗ? ಮಕ್ಕಳೆಲ್ಲ ಬೆಂಗ್ಳೂರು, ಪುಣೆ ಸೇರ್ಯಾರ. ಕರ್ಕೊಂಡು ಬರೋರು ಇಲ್ದ ಹಿರ್ಯಾರಿಗೆ ಬರೇ ಒಂದು ಸಾಲು ಕೊಟ್ರ ಅವ್ರು ದಿನ ಯಾವ್ದು ಅಂತ ಯಾರ್ನ ಕೇಳಬೇಕು? ದಿನಾನೂ ದೊಡ್ಡ ಅಕ್ಷರದಾಗ ಇರ್ಬೇಕು.

ಅಕ್ಷರಜೋಡಣೆ

ಶಾರದಾ ಅವರ ಮಾತು ನ್ಯಾಯವಾದದ್ದು. ದಿನ ಮತ್ತು ಜಾಗವನ್ನು ಎರಡನೇ ಹಂತದಲ್ಲಿ, 20 ಮಿ.ಮೀ.ಗೆ ಕಡಿಮೆ ಇಲ್ಲದ ಹಾಗೆ ಇಡಬಹುದು. ಅದಕ್ಕೆ ಜಾಗ ಬೇಕೆಂದರೆ ಬೇರೆ ಏನನ್ನೋ ತೆಗೆಯಬೇಕು. ಏನನ್ನು ಎಂಬುದು ಮುಂದೆ ಬರುತ್ತದೆ.

ಪ್ರೆಸ್_ಹಾಸನ

ಸೈಜ್ ಹೇಳುತ್ತೇನೆ. ಡೆಮಿ ಹಾಳೆ 18×23 ಇಂಚು. ಆದರೆ ಅಷ್ಟೂ ಜಾಗದಲ್ಲಿ ಅಚ್ಚಾಗುವುದಿಲ್ಲ. ಆಫ್‌ಸೆಟ್ ಮೆಷಿನ್ ಹಾಳೆಯ ಒಂದು ಅಂಚನ್ನು ಗ್ರಿಪ್ಪರ್‌ನಲ್ಲಿ ಕಚ್ಚಿ ಎಳೆಯುತ್ತೆ, ಅಲ್ಲಿ ಇಂಕು ಬೀಳಲ್ಲ. ಹಾಗಾಗಿ ಡಿಸೈನರ್‌ಗೆ 17×22 ಇಂಚಿನ ಅಳತೆ ಕೊಡಿ. ಬರೀ "ಡೆಮಿ" ಎಂದು ಬರೆದರೆ ಅವರು 18×23ಕ್ಕೆ ಮಾಡುತ್ತಾರೆ, ಕೊನೆಗೆ ಪ್ರೆಸ್ಸಿನಲ್ಲಿ ಕುಗ್ಗಿಸುವಾಗ ಅಕ್ಷರವೂ ಕುಗ್ಗುತ್ತೆ, ಉದ್ದ ಅಗಲ ಹೊಂದದೆ ಒಂದು ಕಡೆ ಬಿಳಿ ಪಟ್ಟಿ ಉಳಿಯುತ್ತೆ. ಅಂಚಿನವರೆಗೂ ಬಣ್ಣ ಬೇಕಿದ್ದರೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್, ಅಂದರೆ ಕಟಿಂಗ್‌ನಲ್ಲಿ ಕತ್ತರಿಸಿ ಹೋಗುವ ಹೆಚ್ಚುವರಿ ಬಣ್ಣದ ಅಂಚು, ಇರಲಿ. ಅಕ್ಷರಗಳು ಅಂಚಿನಿಂದ 15 ಮಿ.ಮೀ. ಒಳಗಿರಲಿ, ಟೇಪು, ಮೊಳೆ, ಪಕ್ಕದ ಪೋಸ್ಟರ್ ಎಲ್ಲ ಬರುವುದು ಅಲ್ಲೇ.

ಕಾಗದದ ಬಗ್ಗೆ. ಮೈದಾ ಅಂಟು ಹಾಕಿ ಗೋಡೆಗೆ ಹಚ್ಚುವುದಾದರೆ 70 ಅಥವಾ 80 ಜಿಎಸ್‌ಎಂ ಮ್ಯಾಪ್‌ಲಿಥೊ. ಅದು ಅಂಟು ಹೀರಿಕೊಂಡು ಗೋಡೆಗೆ ಕೂರುತ್ತೆ. ಹೊಳೆಯುವ ಆರ್ಟ್ ಪೇಪರ್ ಒಣಗುತ್ತಾ ಅಂಚಿನಲ್ಲಿ ಸುರುಳಿಯಾಗುತ್ತೆ, ಟ್ಯೂಬ್‌ಲೈಟ್ ಕೆಳಗೆ ಪ್ರತಿಫಲಿಸುತ್ತೆ. ನಿಮ್ಮ ಓದುಗರಿಗೆ ಆ ಹೊಳಪು ಇನ್ನೂ ತೊಂದರೆ. ಕಾಗದ ಯಾವುದು ಎಂದು ಡಿಸೈನರ್‌ಗೂ ತಿಳಿಸಿ. ಮ್ಯಾಪ್‌ಲಿಥೊ ಇಂಕು ಹೀರುವುದರಿಂದ ಪರದೆಯಲ್ಲಿ ಕಂಡ ಬಣ್ಣ ಸ್ವಲ್ಪ ಮಂಕಾಗಿ, ಕಪ್ಪಾಗಿ ಬರುತ್ತೆ. ಅದನ್ನು ನೋಡಿಕೊಂಡು ಅವರು ಫೋಟೊವನ್ನು ಮೊದಲೇ ತುಸು ತಿಳಿಯಾಗಿ ಇಡಬೇಕು.

ಮಾಜಿ_ಪಿಡಿಒ

ಎಲ್ಲಿ ಹಚ್ಚುತ್ತೀರಿ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಸಾರ್ವಜನಿಕರಿಗೆ ಕಾಣುವ ಗೋಡೆ, ಕಂಬ, ಕಟ್ಟಡಗಳಿಗೆ ಅನುಮತಿ ಇಲ್ಲದೆ ಪೋಸ್ಟರ್ ಹಚ್ಚುವುದರ ವಿರುದ್ಧ 1981ರ ರಾಜ್ಯ ಕಾಯ್ದೆ ಇದೆ. ಡೇರಿ, ಅಂಗಡಿ, ಪಂಚಾಯಿತಿಯ ನೋಟಿಸ್ ಬೋರ್ಡು ಇಲ್ಲೆಲ್ಲ ಸಂಬಂಧಪಟ್ಟವರನ್ನು ಕೇಳಿ ಹಾಕಿ. ಫ್ಲೆಕ್ಸ್ ಆಲೋಚನೆ ಇದ್ದರೆ ಬಿಡಿ, ರಾಜ್ಯದಲ್ಲಿ ಅದಕ್ಕೆ 2016ರಿಂದ ನಿಷೇಧ ಇದೆ. ನೋಟಿಸ್ ಬೋರ್ಡುಗಳು ಎಷ್ಟೋ ಕಡೆ ಸಣ್ಣವು, 17×22 ಹಿಡಿಸುವುದಿಲ್ಲ. ಅವಕ್ಕೆ ಎ3 ಒಂದು ಬೇಕಾಗಬಹುದು.

ಅಕ್ಷರಜೋಡಣೆ

ಎ3 ಬೇಕಿದ್ದರೆ ಈಗಲೇ ಬ್ರೀಫಿನಲ್ಲಿ ಬರೆಯಿರಿ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ 1080×1920 ಪಿಕ್ಸೆಲ್‌ನ ಪ್ರತ್ಯೇಕ ಚಿತ್ರ ಬೇಕಿದ್ದರೆ ಅದನ್ನೂ ಬರೆಯಿರಿ. ದೊಡ್ಡ ಪೋಸ್ಟರನ್ನು ಹಾಗೇ ಕುಗ್ಗಿಸಿದರೆ ಮೊಬೈಲಿನಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ, ಮಾತು ಕಡಿಮೆ ಮಾಡಿ ಮತ್ತೆ ಜೋಡಿಸಬೇಕು. ಅದು ಡಿಸೈನರ್‌ಗೆ ಬೇರೆಯೇ ಕೆಲಸ, ಅದಕ್ಕೆ ಬೇರೆ ಶುಲ್ಕ ಇರುತ್ತದೆ. ಕೆಲಸ ಮುಗಿದ ಮೇಲೆ "ಇದೊಂದು ಹಾಗೇ ಮಾಡಿಕೊಡಿ" ಎಂದು ಕೇಳುವುದರಿಂದಲೇ ಫ್ರೀಲಾನ್ಸರ್‌ಗಳ ಜೊತೆ ಮನಸ್ತಾಪ ಶುರುವಾಗುವುದು.

ಯಕ್ಷಾಭಿಮಾನಿ_ಕುಂದಾಪುರ

ನಮ್ಮದು ತಾಳಮದ್ದಳೆಯ ಪೋಸ್ಟರು. ಕಲಾವಿದರ ಹೆಸರೇ ಹದಿನೆಂಟು ಇದೆ. ನೀವು ಹೇಳಿದ ಹಾಗೆ ಒಂದು ಸಾಲು ದೊಡ್ಡದು ಮಾಡಿ ಉಳಿದದ್ದು ಕಡಿಮೆ ಮಾಡಿದರೆ ಭಾಗವತರ ಹೆಸರೂ ಹೋಗುತ್ತದಲ್ಲ ಮಾರಾಯ್ರೆ?

ಅಕ್ಷರಜೋಡಣೆ

ನಿಮ್ಮಲ್ಲಿ ಜನ ಬರುವುದೇ ಆ ಹೆಸರು ನೋಡಿ. ಯಾರ ಭಾಗವತಿಕೆ, ಯಾವ ಅರ್ಥಧಾರಿ ಎನ್ನುವುದೇ ಅಲ್ಲಿ ಸುದ್ದಿ. ಅದನ್ನು ತೆಗೆಯಬೇಡಿ, ಪ್ರಸಂಗದ ಹೆಸರಿನ ಪಕ್ಕದಲ್ಲೇ ಇಡಿಸಿ. ಕಣ್ಣಿನ ಶಿಬಿರಕ್ಕೆ ಯಾರೂ ಉದ್ಘಾಟಕರ ಹೆಸರು ನೋಡಿ ಬರುವುದಿಲ್ಲ.

ಹೋಬಳಿ_ಮಿತ್ರ ಅವರೆ, ಆ 6 ಫೋಟೊ, 14 ಹೆಸರಿನ ವಿಷಯಕ್ಕೆ ಇಲ್ಲೇ ಬರೋಣ. 17×22ರಲ್ಲಿ ಅವು ಕೆಳಗಿನ ಮೂರನೇ ಒಂದು ಭಾಗವನ್ನು ತಿನ್ನುತ್ತವೆ. ಅಷ್ಟು ಜಾಗವೇ ದಿನವನ್ನು ದೊಡ್ಡದಾಗಿ ಹಾಕಲು ಬೇಕಾಗಿರುವುದು.

ಹೋಬಳಿ_ಮಿತ್ರ

ಅದು ಅಷ್ಟು ಸುಲಭ ಇಲ್ಲ ಸರ್. ಬಸ್ಸಿನ ಡೀಸೆಲ್ ಒಬ್ಬರದು, ಊಟ ಒಬ್ಬರದು. ಹೆಸರು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ.

ಮಾಜಿ_ಪಿಡಿಒ

ಹೆಸರುಗಳಿಗೆ ಆಹ್ವಾನ ಪತ್ರಿಕೆ ಇದೆಯಲ್ಲ. ಅಲ್ಲಿ ಶಿಷ್ಟಾಚಾರದ ಪ್ರಕಾರ ಎಲ್ಲರನ್ನೂ ಹಾಕಿ, ಕೈಯಾರೆ ಕೊಟ್ಟು ಬನ್ನಿ. ಶಿಬಿರದ ದಿನ ವೇದಿಕೆಯ ಹಿಂದಿನ ಬಟ್ಟೆ ಬ್ಯಾನರ್‌ನಲ್ಲೂ ಹಾಕಬಹುದು. ಪೋಸ್ಟರಿನಲ್ಲಿ ಸಂಘದ ಹೆಸರು, ಆಸ್ಪತ್ರೆಯ ಹೆಸರು, ನೆರವು ಕೊಟ್ಟವರ ಹೆಸರು ಒಂದೇ ಅಳತೆಯಲ್ಲಿ, ಫೋಟೊ ಇಲ್ಲದೆ. ಒಬ್ಬರ ಫೋಟೊ ಹಾಕಿದರೆ ಇನ್ನೊಬ್ಬರದನ್ನು ಬಿಡಲಾಗುವುದಿಲ್ಲ. ಈ ತೀರ್ಮಾನ ಸಂಘದ ಸಭೆಯಲ್ಲಿ ಬ್ರೀಫ್ ಕಳಿಸುವ ಮೊದಲೇ ಆಗಲಿ. ಎರಡನೇ ಕರಡು ಬಂದ ಮೇಲೆ ಹೆಸರು ಸೇರಿಸಲು ಹೊರಟರೆ ಇಡೀ ಪೋಸ್ಟರನ್ನು ಮತ್ತೆ ಜೋಡಿಸಬೇಕಾಗುತ್ತದೆ.

ಗಂಗಾವತಿ_ಶಾರದಾ

ಚಿತ್ರದ ಬಗ್ಗೆ ಯಾರೂ ಹೇಳ್ಲಿಲ್ಲ. ಕಣ್ಣಿನ ಶಿಬಿರ ಅಂದ್ರ ಇಂಟರ್‌ನೆಟ್ಟಿನಾಗಿಂದ ಒಂದು ನೀಲಿ ಕಣ್ಣಿನ ಫೋಟೊ ತಂದು ಹಾಕ್ತಾರ. ಇಲ್ಲಾ ಪಟ್ಟಿ ಕಟ್ಟಿದ ಕಣ್ಣು, ಸೂಜಿ. ನೋಡಿದ ಹಿರ್ಯಾರು "ಆಪರೇಷನ್ ಮಾಡ್ತಾರಂತ" ಅಂತ ಹೆದರಿ ಹಿಂದ ಸರೀತಾರ. ಕಣ್ಣು ಕಂಡ್ರ ಮತ್ತ ಏನು ಮಾಡಬಹುದು ಅನ್ನೋದು ತೋರಿಸ್ರಿ: ಅಕ್ಕಿ ಆರಿಸೋ ಅಜ್ಜಿ, ಬಸ್ಸಿನ ಬೋರ್ಡು ಓದೋ ಅಜ್ಜ.

ಅಕ್ಷರಜೋಡಣೆ

ಬ್ರೀಫಿನಲ್ಲಿ "ಧಾಟಿ" ಎಂಬ ಭಾಗಕ್ಕೆ ಬರೆಯಬೇಕಾದದ್ದು ಇದೇ. "ಆಕರ್ಷಕ", "ಕಲರ್‌ಫುಲ್" ಎಂಬ ಮಾತಿನಿಂದ ಡಿಸೈನರ್‌ಗೆ ಏನೂ ಸಿಗುವುದಿಲ್ಲ. "ಮನೆಯ ಹಿರಿಯರಿಗೆ ಆಶಾ ಕಾರ್ಯಕರ್ತೆ ಹೇಳುವ ಹಾಗಿರಲಿ. ಹೆದರಿಸಬಾರದು, ಅಯ್ಯೋ ಪಾಪ ಎನ್ನಿಸಬಾರದು. ಸೂಜಿ, ಪಟ್ಟಿ, ಆಪರೇಷನ್ ಕೋಣೆ ಬೇಡ. ನಮ್ಮ ಕಡೆಯ ಉಡುಗೆ, ನಮ್ಮ ಕಡೆಯ ಮುಖ" ಎಂದು ಬರೆದರೆ ಅವರಿಗೆ ದಾರಿ ಸಿಗುತ್ತದೆ. ಫೋಟೊ ನೀವೇ ತೆಗೆಸಿಕೊಡುವುದಾದರೆ ಆ ಅಜ್ಜಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಮೊಬೈಲಿನ ಮೂಲ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್ ಮೂಲಕ ಕಳಿಸಿ. ಮಾಮೂಲಿ ಫೋಟೊ ಕಳಿಸುವ ಹಾಗೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಡೆಮಿ ಸೈಜಿಗೆ ಹಿಗ್ಗಿಸಿದಾಗ ಮುಖ ಚೌಕಚೌಕವಾಗುತ್ತದೆ.

ನೇತ್ರ_ಸಹಾಯಕ

"ಉಚಿತ" ಎಂಬ ಪದವನ್ನು ಎಲ್ಲರೂ ದೊಡ್ಡದು ಮಾಡಿಸುತ್ತಾರೆ. ಅದೊಂದೇ ಇದ್ದರೆ ಅನುಮಾನ ಬರುತ್ತದೆ: ತಪಾಸಣೆ ಉಚಿತ ಸರಿ, ಆಪರೇಷನ್‌ಗೆ ಎಷ್ಟು, ಲೆನ್ಸ್‌ಗೆ ಎಷ್ಟು, ಬಸ್ಸಿಗೆ ಎಷ್ಟು? ಆಸ್ಪತ್ರೆಯವರನ್ನು ಕೇಳಿ ಯಾವುದಕ್ಕೆಲ್ಲ ಹಣ ಇಲ್ಲ ಎಂದು ಬಿಡಿಸಿ ಬರೆಯಿರಿ. ಹಾಗೇ, ತಪಾಸಣೆಯಲ್ಲಿ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜು ಮಂಜಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ತಾವೇ ಬೈಕ್ ಓಡಿಸಿಕೊಂಡು ವಾಪಸ್ ಹೋಗಬಾರದು. "ಜೊತೆಗೆ ಒಬ್ಬರು ಬನ್ನಿ" ಎಂಬ ಸಾಲು ಬೇಕೇ ಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಚೀಟಿ ತರಲು ಹೇಳಿ. ಸಂಜೆಯೇ ಆಪರೇಷನ್‌ಗೆ ಹೊರಡುವುದರಿಂದ ಒಂದು ಜೊತೆ ಬಟ್ಟೆ ಕೂಡ.

ಗ್ರಾಫಿಕ್ಸ್_ರವಿ

ಮ್ಯಾಟರ್ ನುಡಿಯಲ್ಲಿ ಕೊಡಿ ಅಂದೆನಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಕೋರೆಲ್‌ಡ್ರಾದ ಹಳೇ ಆವೃತ್ತಿ ಇದೆ, ಯುನಿಕೋಡ್ ಪೇಸ್ಟ್ ಮಾಡಿದರೆ ಒತ್ತು ಬೇರೆ, ಅಕ್ಷರ ಬೇರೆ ಆಗುತ್ತೆ.

ಅಕ್ಷರಜೋಡಣೆ

ಹಳೆಯ ತಂತ್ರಾಂಶದಲ್ಲಿ ನೀವು ಹೇಳಿದ್ದು ನಿಜ. ಆದರೆ ಅದಕ್ಕಾಗಿ ಮೂಲ ಮ್ಯಾಟರನ್ನೇ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಕೊಟ್ಟರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನೇ ಮೂಲವಾಗಿ ಕೊಡಿ. ಜೊತೆಗೆ ಅದೇ ಮ್ಯಾಟರಿನ ಪಿಡಿಎಫ್ ಒಂದನ್ನು ಕೊಡಿ, ಹೋಲಿಸಿ ನೋಡಲು. ಡಿಸೈನರ್ ಇನ್‌ಡಿಸೈನ್ ಬಳಸುವುದಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ `Adobe World-Ready Paragraph Composer` ಆರಿಸಿಕೊಂಡರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫಾಂಟಿಗೂ ಕೊರತೆ ಇಲ್ಲ: ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಮೂರೂ ಮುಕ್ತ ಪರವಾನಗಿಯವು, ದಪ್ಪ ತೂಕದಲ್ಲೂ ಸಿಗುತ್ತವೆ.

ಒಡೆದಿದೆಯೋ ಇಲ್ಲವೋ ತಿಳಿಯಲು ನಿಮ್ಮ ಮ್ಯಾಟರಿನಲ್ಲೇ ಎರಡು ಪದಗಳಿವೆ. "ಶಸ್ತ್ರಚಿಕಿತ್ಸೆ"ಯಲ್ಲಿ ಒಂದರ ಕೆಳಗೆ ಎರಡು ಒತ್ತು ಬರುತ್ತವೆ. "ಸಂಪರ್ಕ"ದಲ್ಲಿ ಅರ್ಕಾವತ್ತು. ಕರಡಿನಲ್ಲಿ ಮೊದಲು ಇವೆರಡನ್ನು ನೋಡಿ. ಇವು ಸರಿ ಇದ್ದರೆ ಉಳಿದವು ಬಹುಪಾಲು ಸರಿ ಇರುತ್ತವೆ. ಇನ್ನೊಂದು ಕಡೆ ಎಡವುವುದು ಸಾಲುಗಳ ಅಂತರದಲ್ಲಿ. ಇಂಗ್ಲಿಷ್ ಪೋಸ್ಟರಿನ ಅಭ್ಯಾಸದಲ್ಲಿ ಸಾಲುಗಳನ್ನು ಒತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪ್ರೆಸ್ಸಿಗೆ ಹೋಗುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಬದಲಾಗದ ಆಕೃತಿಗಳು, ಮಾಡಿರಲಿ. ತಿದ್ದಬಹುದಾದ ಮೂಲ ಫೈಲೂ ನಿಮಗೆ ಸಿಗಬೇಕು ಎಂದಿದ್ದರೆ ಅದನ್ನು ಮೊದಲೇ ಬರೆಯಿರಿ. ಅದು ತಾನಾಗಿ ಬರುವುದಿಲ್ಲ.

ಪ್ರೆಸ್_ಹಾಸನ

ಈಗ ದಿನಾಂಕ. "ಆದಷ್ಟು ಬೇಗ" ತೆಗೆದುಹಾಕಿ, ಹಿಂದಿನಿಂದ ಎಣಿಸಿ. ನಿಮ್ಮ ಕಡೆ ಸಂತೆ ಯಾವ ದಿನ?

ಹೋಬಳಿ_ಮಿತ್ರ

ಗುರುವಾರ.

ಪ್ರೆಸ್_ಹಾಸನ

ಹಾಗಾದರೆ ಶಿಬಿರಕ್ಕೆ ಮುಂಚೆ 12 ಮತ್ತು 19, ಎರಡು ಸಂತೆ ಸಿಗುತ್ತವೆ. ಮೊದಲ ಸಂತೆಗೆ ಪೋಸ್ಟರ್ ಗೋಡೆಯ ಮೇಲೆ ಇರಬೇಕು, ಅಂದರೆ ನವೆಂಬರ್ 11ರ ಬುಧವಾರದೊಳಗೆ ಹಚ್ಚಿ ಮುಗಿಯಬೇಕು. 8ರಿಂದ 10ರವರೆಗೆ ದೀಪಾವಳಿ, ಪ್ರೆಸ್ಸೂ ಇಲ್ಲ, ಹಚ್ಚುವ ಹುಡುಗರೂ ಇಲ್ಲ. ಹಾಗಾಗಿ 6ರ ಶುಕ್ರವಾರ ಬಂಡಲ್ ನಿಮ್ಮ ಕೈಗೆ ಬರಬೇಕು. ಪ್ಲೇಟ್, ಅಚ್ಚು, ಒಣಗುವುದು, ಕಟಿಂಗ್, ಇದಕ್ಕೆ ಮೂರು ಕೆಲಸದ ದಿನ. ಹಾಗಾದರೆ 2ರ ಸೋಮವಾರ ಬೆಳಿಗ್ಗೆ ಫೈಲ್ ಬೇಕು. ಅದಕ್ಕಿಂತ ಹಿಂದಿನ ವಾರ ರಾಜ್ಯೋತ್ಸವದ ಕೆಲಸ ತುಂಬಿರುತ್ತೆ, ಆಗ ಕೊಟ್ಟರೂ ನಿಮ್ಮ ಸರದಿ ಬರುವುದಿಲ್ಲ. ಪ್ರೆಸ್ಸಿನವರಿಗೆ ಈಗಲೇ ಹೇಳಿ 3, 4ರ ಮೆಷಿನ್ ಹಿಡಿದಿಟ್ಟುಕೊಳ್ಳಿ.

ಅಕ್ಷರಜೋಡಣೆ

ಅಲ್ಲಿಂದ ಹಿಂದೆ ಡಿಸೈನರ್‌ನ ದಿನಗಳು. ಅಂತಿಮ ಫೈಲ್ ಅಕ್ಟೋಬರ್ 31ಕ್ಕೆ. ನಿಮ್ಮ ಸಹಿ ಒಪ್ಪಿಗೆ 29ಕ್ಕೆ. ಎರಡನೇ ಕರಡು 27ಕ್ಕೆ. ಮೊದಲ ಕರಡಿಗೆ ನಿಮ್ಮ ತಿದ್ದುಪಡಿಗಳೆಲ್ಲ ಒಟ್ಟಿಗೆ 24ಕ್ಕೆ. ಮೊದಲ ಕರಡು 22ಕ್ಕೆ. ಅದಕ್ಕೂ ಮೊದಲು ಆಯುಧಪೂಜೆಯ ರಜೆ ಇರುವುದರಿಂದ ಅಂತಿಮ ಮ್ಯಾಟರ್, ಫೋಟೊ, ಲೋಗೊ 15ಕ್ಕೇ ಅವರ ಕೈ ಸೇರಬೇಕು. ಈ ದಿನಗಳಲ್ಲಿ ನಿಮ್ಮವು ಯಾವುವು, ಅವರವು ಯಾವುವು ಎಂದು ಬೇರೆ ಬೇರೆ ಬರೆಯಿರಿ. ಮ್ಯಾಟರ್ 15ರ ಬದಲು 18ಕ್ಕೆ ಕೊಟ್ಟು ಕರಡು 22ಕ್ಕೇ ಬೇಕು ಎಂದು ಪಟ್ಟು ಹಿಡಿಯುವುದು ನ್ಯಾಯವಲ್ಲ.

ತಿದ್ದುಪಡಿ ಎರಡು ಸುತ್ತು, ಹೇಳುವವರು ಒಬ್ಬರೇ. ಸಂಘದ ಐವರು ಐದು ವಾಯ್ಸ್ ಮೆಸೇಜ್ ಕಳಿಸಿದರೆ ಅದರಲ್ಲಿ ಎರಡು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಶುಲ್ಕ, ಮುಂಗಡ ಎಷ್ಟು, ಮೂರನೇ ಸುತ್ತಿಗೆ ಹೆಚ್ಚುವರಿ ಎಷ್ಟು, ಇದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ.

ಹೋಬಳಿ_ಮಿತ್ರ

ನಿನ್ನೆ ಸಂಘದ ಸಭೆ ಆಯಿತು. ಫೋಟೊಗಳು ಬೇಡ ಎಂದು ಒಪ್ಪಿಸಿದ್ದೇವೆ. ಹೊಸ ಬ್ರೀಫ್ ನೋಡಿ:

ಕೆಲಸ: ನವೆಂಬರ್ 22, ಭಾನುವಾರದ ಕಣ್ಣಿನ ಶಿಬಿರದ ಪೋಸ್ಟರ್. ಓದುಗರು ಇಬ್ಬರು. ಮೊದಲನೆಯವರು ಪೊರೆಯಿಂದ ಕಣ್ಣು ಮಂಜಾದ ಹಿರಿಯರು. ಅವರಿಗೆ ತಲೆಬರಹ, ಚಿತ್ರ, ದಿನ ಮತ್ತು ಜಾಗ ತಲುಪಬೇಕು. ತಲೆಬರಹವನ್ನು 6/60 ದೃಷ್ಟಿಯವರು 3 ಮೀಟರ್‌ನಿಂದ ಓದುವಂತಿರಲಿ, ಅಂದರೆ ಅಕ್ಷರ 45 ಮಿ.ಮೀ.ಗೆ ಕಡಿಮೆ ಬೇಡ. ದಿನ ಮತ್ತು ಜಾಗ 20 ಮಿ.ಮೀ.ಗೆ ಕಡಿಮೆ ಬೇಡ. ಎರಡನೆಯವರು ಅವರನ್ನು ಕರೆತರುವ ಮನೆಯವರು, ಆಶಾ ಕಾರ್ಯಕರ್ತೆಯರು. ಉಳಿದ ವಿವರ ಇವರಿಗೆ. ಪೊರೆ ಇದ್ದವರಿಗೆ ನೀಲಿ ಮಂಕಾಗಿ ಕಾಣುತ್ತದೆ, ಕಡು ವ್ಯತ್ಯಾಸದ ಬಣ್ಣ ಬೇಕು.

ಅಳತೆ: 17×22 ಇಂಚು, ನಿಲುವು, 3 ಮಿ.ಮೀ. ಬ್ಲೀಡ್, ನಾಲ್ಕು ಬಣ್ಣದ ಆಫ್‌ಸೆಟ್, 80 ಜಿಎಸ್‌ಎಂ ಮ್ಯಾಪ್‌ಲಿಥೊ, 300 ಪ್ರತಿ. ಇದಲ್ಲದೆ ಎ3 ಒಂದು, 1080×1920ರ ಸ್ಟೇಟಸ್ ಚಿತ್ರ ಒಂದು.

ಧಾಟಿ: ಮನೆಯವರು ಹೇಳುವ ಹಾಗೆ. ಹೆದರಿಕೆ, ಕನಿಕರ, ಸೂಜಿ, ಪಟ್ಟಿ ಬೇಡ. ಚಿತ್ರ ಅಕ್ಕಿ ಆರಿಸುತ್ತಿರುವ ಅಜ್ಜಿ, ಫೋಟೊ ನಾವು ಕೊಡುತ್ತೇವೆ, ಒಪ್ಪಿಗೆ ಪತ್ರ ಇದೆ.

ಮ್ಯಾಟರ್, ಮುಖ್ಯವಾದದ್ದು ಮೊದಲು: "ಕಣ್ಣು ಮಂಜಾಗಿದೆಯೇ?" "ನವೆಂಬರ್ 22, ಭಾನುವಾರ, ಬೆಳಿಗ್ಗೆ 9ರಿಂದ ಮಧ್ಯಾಹ್ನ 2." "ಸರ್ಕಾರಿ ಪ್ರೌಢಶಾಲೆ, ಬಸ್ ನಿಲ್ದಾಣದ ಹಿಂದೆ." "ತಪಾಸಣೆ, ಪೊರೆಯ ಶಸ್ತ್ರಚಿಕಿತ್ಸೆ, ಲೆನ್ಸ್, ಊಟ, ಹೋಗಿ ಬರುವ ಬಸ್: ಯಾವುದಕ್ಕೂ ಹಣ ಇಲ್ಲ." "ತನ್ನಿ: ಆಧಾರ್, ಬಿಪಿ-ಸಕ್ಕರೆ ಮಾತ್ರೆ ಮತ್ತು ಚೀಟಿ, ಒಂದು ಜೊತೆ ಬಟ್ಟೆ. ಜೊತೆಗೆ ಒಬ್ಬರು ಬನ್ನಿ." "ಸಂಪರ್ಕ:" ಒಂದೇ ಸಂಖ್ಯೆ, ಐದೈದು ಅಂಕಿಯಾಗಿ ಬಿಡಿಸಿ. ಅಡಿಯಲ್ಲಿ ಸಂಘ, ಆಸ್ಪತ್ರೆ, ನೆರವು ಕೊಟ್ಟ ಮೂವರ ಹೆಸರು ಒಂದೇ ಗಾತ್ರದಲ್ಲಿ, ಎತ್ತರದ ಹತ್ತನೇ ಒಂದು ಭಾಗ ಮೀರದಂತೆ.

ದಿನಗಳು: ನಮ್ಮಿಂದ ಮ್ಯಾಟರ್ ಅಕ್ಟೋಬರ್ 15, ತಿದ್ದುಪಡಿ 24, ಒಪ್ಪಿಗೆ 29. ನಿಮ್ಮಿಂದ ಕರಡು 22 ಮತ್ತು 27, ಅಂತಿಮ ಫೈಲ್‌ಗಳು 31. ಎರಡು ಸುತ್ತು ತಿದ್ದುಪಡಿ, ಸಂಘದ ಕಾರ್ಯದರ್ಶಿ ಒಬ್ಬರೇ ಹೇಳುತ್ತಾರೆ.

ನೇತ್ರ_ಸಹಾಯಕ

ಎರಡು ಸಾಲು ಸೇರಿಸಿ. "ತಿಂಡಿ, ಮಾತ್ರೆ ಎಂದಿನಂತೆ ತೆಗೆದುಕೊಂಡು ಬನ್ನಿ" ಎಂಬುದನ್ನು ಆಸ್ಪತ್ರೆಯವರನ್ನು ಕೇಳಿ ಖಚಿತಪಡಿಸಿಕೊಂಡು ಹಾಕಿ. ಆಪರೇಷನ್ ಎಂದರೆ ಖಾಲಿ ಹೊಟ್ಟೆ ಎಂದುಕೊಂಡು ಸಕ್ಕರೆ ಕಾಯಿಲೆಯವರು ಉಪವಾಸ ಬಂದು ಸಾಲಿನಲ್ಲೇ ತಲೆಸುತ್ತಿ ಬೀಳುತ್ತಾರೆ. ಬಸ್ಸು ವಾಪಸ್ ತಂದು ಬಿಡುವ ದಿನ ಯಾವುದು ಎಂಬುದೂ ಇರಲಿ. ಹಸು ಕರೆಯುವವರು ಯಾರು ಎಂಬ ಚಿಂತೆಯಲ್ಲೇ ಎಷ್ಟೋ ಜನ ಬಸ್ ಹತ್ತುವುದಿಲ್ಲ.

ಕನ್ನಡ_ಅಂಕಿ

ದಿನಾಂಕವನ್ನು ಕನ್ನಡ ಅಂಕಿಯಲ್ಲೇ ಹಾಕಿ. ೨೨ ಎಂದಿರಲಿ. ಈ ಹಿರಿಯರು ಶಾಲೆಯಲ್ಲಿ ಕಲಿತದ್ದು ಅದನ್ನೇ.

ಗ್ರಾಫಿಕ್ಸ್_ರವಿ

ಫೋನ್ ಒತ್ತುವ ಮಕ್ಕಳು ಓದುವುದು 22 ಅಂತ. ಬಸ್ ನಂಬರೂ, ಕ್ಯಾಲೆಂಡರೂ ಹೆಚ್ಚಾಗಿ ಅದರಲ್ಲೇ ಇರುತ್ತೆ.

ಕನ್ನಡ_ಅಂಕಿ

ಫೋನ್ ಸಂಖ್ಯೆ ನಿಮ್ಮ ಇಷ್ಟ. ದಿನಾಂಕಕ್ಕೆ ನಾನು ಒಪ್ಪುವುದಿಲ್ಲ.

ನೇತ್ರ_ಸಹಾಯಕ

ಮಂಜಾದ ಕಣ್ಣಿಗೆ ೬ ಮತ್ತು ೯ ಗೊಂದಲವಾಗುವುದು ನಿಜ, 6 ಮತ್ತು 8 ಕೂಡ ಹಾಗೇ. ನಿಮ್ಮ ದಿನಾಂಕದಲ್ಲಿ ಅವು ಯಾವುವೂ ಇಲ್ಲ. ಕರಡಿನಲ್ಲಿ ಎರಡೂ ಥರ ಮಾಡಿಸಿ ಡೇರಿಯಲ್ಲಿ ಹಿರಿಯರಿಗೆ ತೋರಿಸಿ ನೋಡಬಹುದು.

ಪ್ರೆಸ್_ಹಾಸನ

ಯಾವುದೇ ಆಗಲಿ, ಅಕ್ಟೋಬರ್ 29ರೊಳಗೆ ತೀರ್ಮಾನವಾಗಿರಲಿ. ಇನ್ನೊಂದು: ಕಪ್ಪು ಅಕ್ಷರವೆಲ್ಲ ಕಪ್ಪು ಇಂಕು ಒಂದರಲ್ಲೇ ಇರಲಿ ಎಂದು ಡಿಸೈನರ್‌ಗೆ ಬರೆಯಿರಿ. ನಾಲ್ಕೂ ಬಣ್ಣ ಸೇರಿಸಿ ಕಪ್ಪು ಮಾಡಿದ್ದರೆ, ಹಾಳೆ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು ಬರುತ್ತೆ.